ಒಂದೇ ಬಾಕಿ ಲೆಕ್ಕ, ಮೂರು ದಾರಿ: ಡ್ಯಾಶ್‌ಬೋರ್ಡ್, ಇಮೇಲ್ ವರದಿ, ಚಾಟ್ ಅಲರ್ಟ್

(ಸಣ್ಣ ಕಂಪನಿಗಳ ಮಾಲೀಕರು ಮತ್ತು ಅಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಡ್ಯಾಶ್‌ಬೋರ್ಡ್ ಬೇಕೋ, ಇಮೇಲ್ ವರದಿ ಸಾಕೋ, ಫೋನಿಗೆ ಅಲರ್ಟ್ ಬರಬೇಕೋ ಅನ್ನುವುದು ಇವತ್ತಿನ ವಿಷಯ. ಎಲ್ಲ ಲೆಕ್ಕಗಳನ್ನೂ ಎತ್ತಿಕೊಂಡರೆ ಸಂಜೆಯಾದರೂ ಮುಗಿಯುವುದಿಲ್ಲ. ಹಾಗಾಗಿ ಒಂದೇ ಲೆಕ್ಕ ಹಿಡಿದುಕೊಳ್ಳುತ್ತೇನೆ. ಅದು ಉದ್ರಿ ಬಾಕಿ. ಮಾಲು ಕಳಿಸಿದ ಪ್ರತಿಯೊಬ್ಬರಿಗೂ ಇರುವ ತಲೆನೋವು ಅದು, ಅಲ್ವಾ?

ಹುಬ್ಬಳ್ಳಿಯಲ್ಲಿ ಒಂದು ಚಟ್ನಿಪುಡಿ ಕಂಪನಿ ಇದೆ ಎಂದುಕೊಳ್ಳಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಸಾಂಬಾರ್ ಪುಡಿ ಮಾಡುತ್ತಾರೆ. ಒಟ್ಟು 35 ಜನ. ಮಾಲೀಕರು ಒಬ್ಬರು, ಅಕೌಂಟೆಂಟ್ ಮೇಡಂ ಒಬ್ಬರು, ಗೋಡೌನ್ ನೋಡಿಕೊಳ್ಳುವವರು ಒಬ್ಬರು, ಗದಗ, ಹಾವೇರಿ, ಬೆಳಗಾವಿ, ಧಾರವಾಡದ ಲೈನ್‌ಗಳಿಗೆ ನಾಲ್ಕು ಸೇಲ್ಸ್‌ಮನ್. ಉಳಿದವರು ಹುರಿಯುವುದು, ಬೀಸುವುದು, ಪ್ಯಾಕಿಂಗ್‌ನಲ್ಲಿ. ಲೆಕ್ಕ ಟ್ಯಾಲಿಯಲ್ಲಿದೆ. ಟ್ಯಾಲಿಯಿಂದ ಒಂದು ಡೇಟಾಬೇಸ್‌ಗೆ ಮಾಹಿತಿ ಹೋಗುತ್ತದೆ, ಅದರ ಮೇಲೆ ಡ್ಯಾಶ್‌ಬೋರ್ಡ್, ವರದಿ ಮಾಡಿಕೊಡುವ ಮೆಟಾಬೇಸ್ ಎಂಬ ಸಾಫ್ಟ್‌ವೇರ್ ಕೂಡಿಸಿದ್ದಾರೆ. ಕಂಪನಿ ಕಲ್ಪನೆಯದು, ಅದರ ಅಂಕಿಗಳೂ ಲೆಕ್ಕಕ್ಕೆ ಇಟ್ಟುಕೊಂಡವು. ತೊಂದರೆಗಳು ಮಾತ್ರ ಎಲ್ಲ ಕಡೆ ಇರುವಂಥವೇ.

ಇಂಥ ಕಂಪನಿಯಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಯಾರೋ ಒಬ್ಬರು "ಬಾಕಿ ಡ್ಯಾಶ್‌ಬೋರ್ಡ್" ಮಾಡಿಕೊಡುತ್ತಾರೆ. ಒಟ್ಟು ಬಾಕಿ, ಊರುವಾರು ಬಾಕಿ, ಬಣ್ಣಬಣ್ಣದ ವೃತ್ತಗಳು. ಮೊದಲ ವಾರ ಎಲ್ಲರೂ ನೋಡುತ್ತಾರೆ. ತಿಂಗಳಾದ ಮೇಲೆ ಅದನ್ನು ತೆರೆಯುವವರು ಅದನ್ನು ಮಾಡಿದವರು ಮಾತ್ರ. ಆಮೇಲೆ ಮಾಲೀಕರು "ಯಾರೂ ನೋಡಲ್ಲ, ವಾಟ್ಸಾಪ್‌ಗೇ ಬರೋ ಹಾಗೆ ಮಾಡ್ರಿ" ಅನ್ನುತ್ತಾರೆ. ದಿನಕ್ಕೆ ಇಪ್ಪತ್ತು ಸಂದೇಶ ಶುರುವಾಗುತ್ತದೆ. ಎರಡನೇ ತಿಂಗಳು ಗ್ರೂಪ್ ಮ್ಯೂಟ್.

ಇಲ್ಲಿ ತಪ್ಪಿದ್ದು ಎಲ್ಲಿ ಎಂದರೆ, ಅವರು ಶುರು ಮಾಡಿದ್ದೇ ಅಂಕಿಯಿಂದ. ನಾನು ಹೇಳುವುದು, ನಿರ್ಧಾರದಿಂದ ಶುರು ಮಾಡಿ. ಬಾಕಿ ನೋಡಿ ಯಾರು ಏನು ಮಾಡುತ್ತಾರೆ? ಎಷ್ಟು ಹೊತ್ತಿನೊಳಗೆ ಮಾಡದಿದ್ದರೆ ಕೆಲಸ ಕೆಡುತ್ತದೆ? ಇವೆರಡಕ್ಕೆ ಉತ್ತರ ಸಿಕ್ಕರೆ ದಾರಿ ತಾನಾಗಿಯೇ ಗೊತ್ತಾಗುತ್ತದೆ. ನಮ್ಮ ಚಟ್ನಿಪುಡಿ ಕಂಪನಿಯಲ್ಲಿ ಬಾಕಿಯ ಮೇಲೆ ಮೂರು ಬೇರೆ ಬೇರೆ ನಿರ್ಧಾರಗಳಿವೆ. ಉದ್ರಿಯ ಮಿತಿ ದಾಟಿದ ಪಾರ್ಟಿಗೆ ನಾಳೆಯ ವ್ಯಾನ್‌ನಲ್ಲಿ ಮಾಲು ಹಾಕಬೇಕೋ ಬೇಡವೋ, ಇದು ಮಾಲೀಕರದು. ಈ ವಾರ ವಸೂಲಿಗೆ ಯಾರ ಬೆನ್ನು ಹತ್ತಬೇಕು, ಇದು ಮಾಲೀಕರು, ಅಕೌಂಟೆಂಟ್ ಮೇಡಂ ಕೂತು ಮಾಡುವುದು. ಈ ಅಂಗಡಿಯಲ್ಲಿ ಹಳೆಯ ಬಿಲ್ಲಿನ ಮಾತೆತ್ತಬೇಕೋ, ಹೊಸ ಆರ್ಡರ್ ತೆಗೆದುಕೊಳ್ಳಬೇಕೋ, ಇದು ಸೇಲ್ಸ್‌ಮನ್‌ದು. ಅಂಕಿ ಒಂದೇ. ಮೊದಲನೆಯದಕ್ಕೆ ಒಂದೂವರೆ ಗಂಟೆ ಸಮಯ, ಎರಡನೆಯದಕ್ಕೆ ಒಂದು ವಾರ, ಮೂರನೆಯದು ಅಂಗಡಿ ಮುಂದೆ ಗಾಡಿ ನಿಲ್ಲಿಸಿದಾಗ.

ಅಲರ್ಟ್‌ನಿಂದ ಶುರು ಮಾಡೋಣ, ಜಾಸ್ತಿ ಕೆಡುವುದು ಅದೇ.

ದೊಡ್ಡ ಕಾರ್ಖಾನೆಗಳ ಕಂಟ್ರೋಲ್ ರೂಮ್‌ಗಳಲ್ಲಿ ಅಲಾರಂ ಹೇಗಿರಬೇಕು ಅನ್ನುವುದಕ್ಕೆ 2009ರಲ್ಲಿ ಐಎಸ್‌ಎ 18.2 ಎಂಬ ಮಾನದಂಡ ಬಂತು. ಅದರಲ್ಲಿ ಅಲಾರಂ ಎಂದರೆ ಏನೋ ಹೆಚ್ಚುಕಡಿಮೆಯಾಗಿದೆ ಎಂದು ತಿಳಿಸುವುದಷ್ಟೇ ಅಲ್ಲ, ಕೂತಿರುವ ಮನುಷ್ಯ ಸಮಯದೊಳಗೆ ಏನಾದರೂ ಮಾಡಲೇಬೇಕಾದದ್ದು. ಮಾಡುವುದು ಏನೂ ಇಲ್ಲದಿದ್ದರೆ ಅದು ಅಲಾರಂ ಆಗುವುದಿಲ್ಲ. ನಮ್ಮ ಸಣ್ಣ ಕಂಪನಿಗೂ ಈ ಅಳತೆ ಸರಿಹೊಂದುತ್ತದೆ.

ಮೊದಲು ಎಲ್ಲರೂ ಬರೆಯುವ ನಿಯಮ ಹೀಗಿರುತ್ತದೆ: ಬಾಕಿ ಮಿತಿ ದಾಟಿದರೆ ಸಂದೇಶ ಕಳಿಸು. ಕೇಳಲು ಸರಿಯಾಗಿಯೇ ಇದೆ. ಆದರೆ ಮಿತಿ ದಾಟಿರುವುದು ಒಂದು ಸ್ಥಿತಿ. ಗದಗದ ಒಬ್ಬ ಡಿಸ್ಟ್ರಿಬ್ಯೂಟರ್ ಎರಡು ವಾರ ಮಿತಿ ಮೇಲೆಯೇ ಇದ್ದರೆ ಎರಡು ವಾರವೂ ದಿನಾ ಸಂದೇಶ ಬರುತ್ತದೆ. ಮಾಲೀಕರಿಗೆ ಅದು ಗೊತ್ತಿರುವ ವಿಷಯ. ಅವರು ಆ ದಿನ ಮಾಡುವುದೂ ಏನಿಲ್ಲ. ಇನ್ನೊಬ್ಬರ ಬಾಕಿ ಮಿತಿಯ ಹತ್ತಿರವೇ ತೂಗಾಡುತ್ತಿರುತ್ತದೆ. ಬೆಳಿಗ್ಗೆ ಐದು ಸಾವಿರ ಕಟ್ಟಿದರು, ಕೆಳಗೆ ಬಂತು. ಮಧ್ಯಾಹ್ನ ಬಿಲ್ಲಾಯಿತು, ಮೇಲೆ ಹೋಯಿತು. ಮತ್ತೆ ಸಂದೇಶ.

ಮಾಲೀಕರು ನಿಜವಾಗಿ ನಿರ್ಧಾರ ಮಾಡಬೇಕಾದ ಗಳಿಗೆ ಯಾವುದು? ಮಿತಿ ದಾಟಿದ ಅಥವಾ ದಾಟಲಿರುವ ಪಾರ್ಟಿಯಿಂದ ಹೊಸ ಆರ್ಡರ್ ಬಂದಾಗ. ಸೇಲ್ಸ್‌ಮನ್‌ಗಳು ಸಂಜೆ 4ಕ್ಕೆ ಆರ್ಡರ್ ಕಳಿಸುತ್ತಾರೆ. 5:30ಕ್ಕೆ ಗೋಡೌನ್‌ನಲ್ಲಿ ಲೋಡಿಂಗ್ ಪಟ್ಟಿ ಪ್ರಿಂಟ್ ಆಗುತ್ತದೆ. ಬೆಳಿಗ್ಗೆ 6ಕ್ಕೆ ವ್ಯಾನ್ ಹೊರಡುತ್ತದೆ. ಅಂದರೆ 4ರಿಂದ 5:30ರ ನಡುವೆ "ಹಾಕಿ" ಅಥವಾ "ತಡೀರಿ" ಅನ್ನಬೇಕು. ನಿಯಮ ಆ ಆರ್ಡರ್ ಮೇಲೆ ಇರಲಿ. ಡೇಟಾಬೇಸ್‌ಗೆ ಕೇಳುವ ಭಾಷೆಯಲ್ಲಿ ಅದು ಹೀಗೆ:

```sql
SELECT o.order_no, p.party_name, p.credit_limit,
       p.outstanding + o.amount AS total
FROM orders o
JOIN party p ON p.id = o.party_id
WHERE o.status = 'pending'
  AND o.alerted_at IS NULL
  AND p.outstanding + o.amount > p.credit_limit * 1.05;
```

ಇದರಲ್ಲಿ ಎರಡು ಸಣ್ಣ ವಿಷಯ ಗಮನಿಸಿ. `alerted_at` ಖಾಲಿ ಇದ್ದರೆ ಮಾತ್ರ ಸಾಲು ಬರುತ್ತದೆ. ಸಂದೇಶ ಹೋದ ಮೇಲೆ ಅಲ್ಲಿ ಸಮಯ ತುಂಬಬೇಕು, ಆಗ ಒಂದು ಆರ್ಡರ್‌ಗೆ ಒಂದೇ ಸಂದೇಶ. ಇನ್ನು `1.05` ಅಂದರೆ ಐದು ಪರ್ಸೆಂಟ್ ಸಡಿಲ. ಎರಡು ಲಕ್ಷ ಮಿತಿಯವರು ಮುನ್ನೂರು ರೂಪಾಯಿ ದಾಟಿದ್ದಕ್ಕೆ ಮಾಲೀಕರನ್ನು ಎಬ್ಬಿಸುವುದು ಬೇಡ.

ಇದನ್ನು ಫೋನಿಗೆ ಬಿಡುವ ಮೊದಲು ಒಂದು ಪರೀಕ್ಷೆ ಮಾಡಿ. ಕಳೆದ 90 ದಿನದ ಆರ್ಡರ್‌ಗಳ ಮೇಲೆ ನಿಯಮ ಓಡಿಸಿ, ಎಷ್ಟು ಸಲ ಸಂದೇಶ ಬರುತ್ತಿತ್ತು ಎಂದು ಎಣಿಸಿ. ಆ ಪಟ್ಟಿಯನ್ನು ಮಾಲೀಕರ ಮುಂದೆ ಇಟ್ಟು ಕೇಳಿ, ಇವುಗಳಲ್ಲಿ ಯಾವುದನ್ನು ನೀವು ತಡೆಯುತ್ತಿದ್ದಿರಿ? 140 ಬಂದು, ಅವರು 9ಕ್ಕೆ ಟಿಕ್ ಹಾಕಿದರೆ ನಿಯಮ ಸಡಿಲವಾಗಿದೆ ಎಂದರ್ಥ. ಅದನ್ನು 20ರ ಆಸುಪಾಸಿಗೆ ತಂದು, ಆ 9 ಅದರೊಳಗೆ ಉಳಿದಿವೆಯೇ ನೋಡಿ. ಸುಮ್ನೆ ಚರ್ಚೆ ಮಾಡುವುದಕ್ಕಿಂತ ಈ ಅರ್ಧ ಗಂಟೆಯ ಕೆಲಸ ಮೇಲು. ಎಷ್ಟೋ ಸಲ ಇಲ್ಲಿ ಬೇರೆಯೇ ಸತ್ಯ ಹೊರಬೀಳುತ್ತದೆ. ಟ್ಯಾಲಿಯಲ್ಲಿರುವ ಕ್ರೆಡಿಟ್ ಮಿತಿಗಳು ನಾಲ್ಕು ವರ್ಷ ಹಳೆಯವು, ಯಾರೂ ಮುಟ್ಟಿಲ್ಲ ಎಂದು ಗೊತ್ತಾಗುತ್ತದೆ.

ಇನ್ನು ಸಂದೇಶದ ಮಾತು. "ಬಾಕಿ ಮಿತಿ ಮೀರಿದೆ, ಡ್ಯಾಶ್‌ಬೋರ್ಡ್ ನೋಡಿ" ಎಂದು ಬಂದರೆ ಅದು ಅರ್ಧ ಕೆಲಸ. ಓದಿದ ಜಾಗದಲ್ಲೇ ನಿರ್ಧಾರ ಆಗಬೇಕು. ಹೀಗೆ:

"ಗದಗ ಪಾರ್ಟಿಯ ಹೊಸ ಆರ್ಡರ್ ₹46,000. ಈಗಿನ ಬಾಕಿ ₹1,72,000, ಸೇರಿದರೆ ₹2,18,000. ಮಿತಿ ₹2,00,000. ಅತಿ ಹಳೆಯ ಬಿಲ್ 52 ದಿನ. ಜಮಾ ನಮೂದು ಇವತ್ತು 3:30ರವರೆಗೆ. 5:30ರೊಳಗೆ ಉತ್ತರ ಬರದಿದ್ದರೆ ಆರ್ಡರ್ ತಡೆಯಲಾಗುತ್ತದೆ."

ಕೊನೆಯ ವಾಕ್ಯ ಬಹಳ ಜನ ಬಿಟ್ಟುಬಿಡುತ್ತಾರೆ. ಮಾಲೀಕರು ಮದುವೆ ಮನೆಯಲ್ಲಿದ್ದಾರೆ, ಫೋನ್ ನೋಡಲಿಲ್ಲ, ಆಗ ಏನು? ಗೋಡೌನ್‌ನವರು ತಾವೇ ಊಹಿಸಬಾರದು. ಉತ್ತರ ಇಲ್ಲದಿದ್ದರೆ ತಡೆಯುವುದೋ ಬಿಡುವುದೋ, ಮೊದಲೇ ಮಾತಾಗಿರಬೇಕು. ಹಾಗೆಯೇ ಈ ಸಂದೇಶ ಒಬ್ಬರಿಗೆ ಹೋಗಲಿ. 22 ಜನರ ಗ್ರೂಪ್‌ಗೆ ಹಾಕಿದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿರುತ್ತಾರೆ ಎಂದುಕೊಳ್ಳುತ್ತಾರೆ. ಇನ್ನೊಂದು ಅಪಾಯವೂ ಇದೆ. ಗ್ರೂಪ್‌ನಿಂದ ಒಂದು ಫಾರ್ವರ್ಡ್ ಆದರೆ ಗದಗದವರ ಬಾಕಿ ಹಾವೇರಿಯವರಿಗೂ ಗೊತ್ತಾಗುತ್ತದೆ. ವ್ಯಾಪಾರದಲ್ಲಿ ಮರ್ಯಾದೆಯ ಪ್ರಶ್ನೆ ಅದು.

ಸಂದೇಶದಲ್ಲಿ "ಜಮಾ ನಮೂದು 3:30ರವರೆಗೆ" ಎಂದು ಯಾಕೆ ಹಾಕಿದೆ? ಇದು ಇಡೀ ಉಪನ್ಯಾಸದಲ್ಲಿ ನನಗೆ ಮುಖ್ಯವಾದ ಮಾತು. ನಮ್ಮ ಅಕೌಂಟೆಂಟ್ ಮೇಡಂ ದಿನದ ಜಮಾಗಳನ್ನು ಟ್ಯಾಲಿಗೆ ಹಾಕುತ್ತಿದ್ದದ್ದು ಸಂಜೆ 6ರ ಮೇಲೆ, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ. ಡಿಸ್ಟ್ರಿಬ್ಯೂಟರ್ ಬೆಳಿಗ್ಗೆ 11ಕ್ಕೇ ಯುಪಿಐನಲ್ಲಿ 50,000 ಕಳಿಸಿದ್ದಾರೆ. ಮಧ್ಯಾಹ್ನ ಆರ್ಡರ್ ಕೊಟ್ಟಿದ್ದಾರೆ. 4 ಗಂಟೆಗೆ ಅಲರ್ಟ್ ಹೋಗುತ್ತದೆ, ಮಾಲೀಕರು ಆರ್ಡರ್ ತಡೆಯುತ್ತಾರೆ. ಆಮೇಲೆ ಫೋನ್: "ಸಾಹುಕಾರ್ರೇ, ರೊಕ್ಕ ಹಾಕಿ ಐದು ತಾಸಾತು, ಮಾಲ್ಯಾಕ ನಿಲ್ಸೀರಿ?" ಇಂಥದ್ದು ಎರಡು ಸಲ ಆದರೆ ಸಾಕು, ಮಾಲೀಕರು ಮೂರನೇ ಅಲರ್ಟ್ ನಂಬುವುದಿಲ್ಲ. ಅಂದರೆ ಅಲರ್ಟ್ ಎಷ್ಟು ಬೇಗ ಬರುತ್ತದೆ ಎನ್ನುವುದು ಲೆಕ್ಕ ಎಷ್ಟು ಬೇಗ ನಮೂದಾಗುತ್ತದೆ ಎನ್ನುವುದರ ಮೇಲೆ ನಿಂತಿದೆ. ದಿನಕ್ಕೊಂದು ಸಲ ತುಂಬುವ ಲೆಕ್ಕದ ಮೇಲೆ ಗಳಿಗೆಗೊಂದು ಅಲರ್ಟ್ ಇಡಬೇಡಿ. ಇಲ್ಲಿ ಮಾಡಬೇಕಾದ ಬದಲಾವಣೆ ಸಾಫ್ಟ್‌ವೇರ್‌ನದ್ದಲ್ಲ. ಮೇಡಂ ಅವರ ಜಮಾ ನಮೂದನ್ನು 3:30ಕ್ಕೆ ತರಬೇಕು, ಅದರ ಬೆನ್ನಿಗೇ ಟ್ಯಾಲಿಯಿಂದ ಡೇಟಾ ಎಳೆಯಬೇಕು. ಅದು ಆಗದಿದ್ದರೆ ಅಲರ್ಟ್ ಬಿಟ್ಟು, 5 ಗಂಟೆಗೆ ಮೇಡಂ ಫೋನ್ ಮಾಡಿ ಹೇಳುವುದೇ ಒಳ್ಳೆಯದು.

ಈಗ ಇಮೇಲ್ ವರದಿ. ಇವತ್ತಿನ ಕಾಲದಲ್ಲಿ ಇಮೇಲ್ ಯಾರು ಓದುತ್ತಾರೆ ಎಂದು ನೀವು ಕೇಳಬಹುದು. ಸೇಲ್ಸ್‌ಮನ್ ಓದುವುದಿಲ್ಲ, ನಿಜ. ಆದರೆ ಮಾಲೀಕರು, ಅಕೌಂಟೆಂಟ್, ಹೊರಗಿನ ಸಿಎ, ಬ್ಯಾಂಕಿನವರು ಓದುತ್ತಾರೆ. ಮತ್ತೆ ಇಮೇಲ್‌ಗೆ ಇರುವ ಒಂದು ಗುಣ ಡ್ಯಾಶ್‌ಬೋರ್ಡ್‌ಗೆ ಇಲ್ಲ. ಕಳಿಸಿದ ಅಂಕಿ ಬದಲಾಗುವುದಿಲ್ಲ.

ಡ್ಯಾಶ್‌ಬೋರ್ಡ್ ಯಾವಾಗಲೂ ಈ ಕ್ಷಣದ ಲೆಕ್ಕ ತೋರಿಸುತ್ತದೆ. ಸೋಮವಾರ 31.4 ಲಕ್ಷ ಬಾಕಿ ಎಂದು ಮಾತಾಡಿರುತ್ತೀರಿ. ಬುಧವಾರ ಮೇಡಂ ಹಿಂದಿನ ತಾರೀಖಿಗೆ ಒಂದು ಕ್ರೆಡಿಟ್ ನೋಟ್ ಹಾಕುತ್ತಾರೆ. ಗುರುವಾರ ಅದೇ ಸೋಮವಾರದ ಬಾಕಿ ತೆಗೆದರೆ 30.9 ಲಕ್ಷ. ಯಾರ ಮಾತು ಸರಿ ಎಂದು ಜಗಳ. ಕ್ಯಾಶ್ ಕ್ರೆಡಿಟ್ ಸಾಲ ಇರುವ ಕಂಪನಿ ತಿಂಗಳು ತಿಂಗಳು ಬ್ಯಾಂಕಿಗೆ ಸ್ಟಾಕ್ ಮತ್ತು ಬಾಕಿಯ ಪಟ್ಟಿ ಕೊಡುತ್ತದೆ. ಅದರ ಮೇಲೆ ಡ್ರಾಯಿಂಗ್ ಪವರ್, ಅಂದರೆ ಎಷ್ಟು ಸಾಲ ತೆಗೆಯಬಹುದು ಎಂದು ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಅದರಲ್ಲಿ ಸೇರಿಸುವುದಿಲ್ಲ. ಅಂಥ ಕಡೆ "ಆವತ್ತು ನಾವು ಕೊಟ್ಟ ಅಂಕಿ ಇದು" ಎಂದು ತೋರಿಸಲು ತಾರೀಖಿನ ಸಮೇತ ಒಂದು ಪ್ರತಿ ಬೇಕು.

ಸೋಮವಾರ ಬೆಳಿಗ್ಗೆ 8ಕ್ಕೆ ಹೋಗುವ ವರದಿ ಹೀಗಿರಲಿ. ವಿಷಯದ ಸಾಲಿನಲ್ಲೇ ಅಂಕಿ: "ಬಾಕಿ ₹31.4 ಲಕ್ಷ, 45 ದಿನ ದಾಟಿದ್ದು ₹6.2 ಲಕ್ಷ". ತೆರೆಯದಿದ್ದರೂ ಅಷ್ಟು ಗೊತ್ತಾಯಿತು. ಒಳಗೆ 30 ದಿನದೊಳಗೆ, 31ರಿಂದ 45, 46ರಿಂದ 90, 90ರ ಮೇಲೆ ಎಂಬ ನಾಲ್ಕು ಸಾಲು, ಪಕ್ಕದಲ್ಲಿ ಕಳೆದ ವಾರದ್ದು. ಅದರ ಕೆಳಗೆ ಈ ವಾರ ಮಾತಾಡಬೇಕಾದ ಎಂಟು ಹತ್ತು ಪಾರ್ಟಿಗಳ ಹೆಸರು, ಪ್ರತಿ ಹೆಸರಿನ ಮುಂದೆ ಯಾರು ಫೋನ್ ಮಾಡಬೇಕು ಎಂದು. ಅಷ್ಟೇ. ಲಿಂಕ್ ಒತ್ತಿ ನೋಡಿ ಎಂದರೆ ಅರ್ಧ ಜನ ಒತ್ತುವುದಿಲ್ಲ. ಹಾಗಾಗಿ ವಿಷಯ ಪತ್ರದ ಮೈಯಲ್ಲೇ ಇರಲಿ. ಸಿಎಗೆ ಬೇಕಾದ ಪೂರ್ತಿ ಎಕ್ಸೆಲ್ ಬೇಕಾದರೆ ಜೊತೆಗೆ ಅಂಟಿಸಿ.

45 ದಿನ ಎಂದು ಗೆರೆ ಎಳೆದದ್ದಕ್ಕೆ ಕಾರಣವಿದೆ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮದಿಂದ ಮಾಲು ಕೊಂಡವರು ಒಪ್ಪಂದದಲ್ಲಿ ಇರುವ ದಿನದೊಳಗೆ ಹಣ ಕೊಡಬೇಕು, ಆ ಒಪ್ಪಂದವೂ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ನಮ್ಮ ಚಟ್ನಿಪುಡಿ ಕಂಪನಿ ಉದ್ಯಮ್ ನೋಂದಣಿ ಮಾಡಿಸಿದ್ದರೆ ಈ ಗೆರೆಗೆ ಬೆಲೆ ಇದೆ. ಎಲ್ಲೋ ನೋಡಿದ 30, 60, 90ರ ನಮೂನೆಯನ್ನು ಹಾಗೇ ಇಳಿಸಿಕೊಂಡರೆ ಈ ಗೆರೆ ವರದಿಯಲ್ಲಿ ಕಾಣುವುದೇ ಇಲ್ಲ.

ವರದಿ ಹಾಳಾಗುವ ಒಂದು ಜಾಗ ಹೇಳಿಬಿಡುತ್ತೇನೆ. ಟ್ಯಾಲಿಯಲ್ಲಿ ಜಮಾ ಹಾಕುವಾಗ ಅದು ಯಾವ ಬಿಲ್ಲಿಗೆ ಬಂದದ್ದು ಎಂದು `Agst Ref` ಆರಿಸಬೇಕು. ಗಡಿಬಿಡಿಯಲ್ಲಿ ಎಲ್ಲವನ್ನೂ `On Account` ಎಂದು ಹಾಕಿಬಿಡುತ್ತಾರೆ. ಒಟ್ಟು ಬಾಕಿ ಸರಿಯಾಗಿಯೇ ಬರುತ್ತದೆ. ಆದರೆ ಹಣ ಬಂದ ಬಿಲ್ಲೂ ತೀರದೆ ಕೂತಿರುತ್ತದೆ, 120 ದಿನ ಹಳೆಯದು ಎಂದು ಕಾಣುತ್ತದೆ. ಸೇಲ್ಸ್‌ಮನ್ ಹೋಗಿ ಕೇಳುತ್ತಾನೆ, ಪಾರ್ಟಿ ರಸೀದಿ ತೋರಿಸುತ್ತದೆ. ಇದನ್ನು ಹಿಡಿಯಲು ವರದಿಯ ಕೊನೆಗೆ ಒಂದು ಸಾಲು ಸೇರಿಸಿ: ಬಿಲ್ಲಿಗೆ ಹೊಂದಿಸದ ಜಮಾ ಇಷ್ಟು. ಅದು ಬೆಳೆಯುತ್ತಿದ್ದರೆ ಮೇಲಿನ ದಿನಗಳ ಲೆಕ್ಕವನ್ನು ನಂಬಬೇಡಿ.

ಡ್ಯಾಶ್‌ಬೋರ್ಡ್ ಬೇಡವೇ ಹಾಗಾದರೆ? ಬೇಕು, ಆದರೆ ಪ್ರತಿ ಸಲ ಬೇರೆ ಬೇರೆ ಪ್ರಶ್ನೆ ಇರುವವರಿಗೆ. ಹಾವೇರಿ ಲೈನ್‌ನ ಸೇಲ್ಸ್‌ಮನ್‌ಗೆ ಇವತ್ತು ಹದಿನೆಂಟು ಅಂಗಡಿ, ನಾಳೆ ಬೇರೆ ಹದಿನೆಂಟು. ಅವನಿಗೆ ಎಲ್ಲವನ್ನೂ ಮೊದಲೇ ಕಳಿಸುವುದು ಕಷ್ಟ. ಅಂಗಡಿ ಮುಂದೆ ನಿಂತಾಗ ಅವನೇ ಬಂದು ನೋಡಬೇಕು. ಅವನ ಡ್ಯಾಶ್‌ಬೋರ್ಡ್ ಎಂದರೆ ಒಂದು ಪಟ್ಟಿ. ಅಂಗಡಿ ಹೆಸರು, ಬಾಕಿ, ಅತಿ ಹಳೆಯ ಬಿಲ್ಲಿನ ದಿನ, ಕೊನೆಯ ಜಮಾ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಅವನ ಲೈನ್ ಮಾತ್ರ. ಬಿಸಿಲಲ್ಲಿ ನಿಂತು ಒಂದು ಕೈಯಲ್ಲಿ ಫೋನ್ ಹಿಡಿದವನಿಗೆ ವೃತ್ತದ ಚಿತ್ರ ಬೇಕಿಲ್ಲ. ಇನ್ನೊಬ್ಬರು ಮಾಲೀಕರೇ. ಸೋಮವಾರದ ವರದಿಯಲ್ಲಿ 46ರಿಂದ 90ರ ಸಾಲು ಏರಿದ್ದು ಕಂಡರೆ ಯಾಕೆ ಎಂದು ಕೆದಕಬೇಕು. ಯಾವ ಊರು, ಯಾವ ಸೇಲ್ಸ್‌ಮನ್, ಒಬ್ಬರದ್ದೋ ಹತ್ತು ಜನರದ್ದೋ. ಆ ಕೆದಕುವ ಕೆಲಸಕ್ಕೆ ಡ್ಯಾಶ್‌ಬೋರ್ಡ್.

ನಿಮ್ಮಲ್ಲಿ ಈಗಾಗಲೇ ಇರುವ ಡ್ಯಾಶ್‌ಬೋರ್ಡ್‌ಗಳನ್ನು ಯಾರು ನೋಡುತ್ತಾರೆ ಎಂದು ತಿಳಿಯುವುದು ಸುಲಭ. ಮೆಟಾಬೇಸ್‌ನ ಸ್ವಂತ ಡೇಟಾಬೇಸ್‌ನಲ್ಲಿ `view_log` ಎಂಬ ಟೇಬಲ್ ಇರುತ್ತದೆ, ಯಾರು ಯಾವಾಗ ಏನು ತೆರೆದರು ಎಂದು ಅಲ್ಲಿ ಸಿಗುತ್ತದೆ. ಒಬ್ಬರು ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ಅದೇ ಪುಟ ತೆರೆದು ಬೇರೆ ಏನನ್ನೂ ತೆರೆಯದಿದ್ದರೆ, ಅವರಿಗೆ ಬೇಕಾದದ್ದು ಇಮೇಲ್. ಅಷ್ಟು ತಿಳಿದರೆ ಅವರ ದಿನದ ಒಂದು ಕೆಲಸ ತಪ್ಪಿಸಬಹುದು.

ಒಂದು ಮಾತು ಬೇರೆ ಲೆಕ್ಕದಿಂದ ತರುತ್ತೇನೆ, ಯಾಕೆಂದರೆ ಬಹಳ ಜನ ಇಲ್ಲಿ ಎಡವುತ್ತಾರೆ. ವಿಷಯ ಗಂಭೀರವಾದರೆ ಅಲರ್ಟ್ ಎಂದುಕೊಳ್ಳುತ್ತಾರೆ. ನಮ್ಮ ಕಂಪನಿಗೆ ಪ್ರಿಂಟ್ ಆದ ಪ್ಯಾಕಿಂಗ್ ರೋಲ್ ಮುಗಿದರೆ ಪ್ಯಾಕಿಂಗ್ ಪೂರ್ತಿ ನಿಲ್ಲುತ್ತದೆ, ಇದಕ್ಕಿಂತ ಗಂಭೀರ ಯಾವುದಿದೆ? ಆದರೆ ರೋಲ್ ಪ್ರಿಂಟ್ ಆಗಿ ಬರಲು 20 ದಿನ ಬೇಕು. ದಿನಕ್ಕೆ 20 ಕೆಜಿ ಖರ್ಚು ಎಂದರೆ 400 ಕೆಜಿ, ಮೇಲೆ ಐದು ದಿನದ ಕಾಪು 100 ಕೆಜಿ. 500 ಕೆಜಿಗೆ ಇಳಿದಾಗ ಆರ್ಡರ್ ಹಾಕಬೇಕು. ಒಂದು ದಿನ ತಡವಾದರೂ ಏನೂ ಆಗುವುದಿಲ್ಲ. ಇದು ಸೋಮವಾರ, ಗುರುವಾರದ ಇಮೇಲ್‌ನಲ್ಲಿ ಒಂದು ಸಾಲು. ಮೆಟಾಬೇಸ್‌ನಲ್ಲಿ ಇಮೇಲ್ ನಿಗದಿ ಮಾಡುವಾಗ `Don't send if there aren't results` ಎಂಬ ಆಯ್ಕೆ ಇದೆ. ರೋಲ್ ಪಟ್ಟಿಗೆ ಅದು ಸರಿ. ಬಾಕಿಯ ವರದಿಗೆ ಅದನ್ನು ಹಾಕಬೇಡಿ. ಸೋಮವಾರ ಇಮೇಲ್ ಬರದಿದ್ದರೆ ಬಾಕಿ ಇಲ್ಲವೋ, ವ್ಯವಸ್ಥೆ ಕೆಟ್ಟಿದೆಯೋ ಎಂದು ಗೊತ್ತಾಗುವುದಿಲ್ಲ.

ಕೊನೆಗೆ ಸಭೆಯಿಂದ ಬಂದ ಎರಡು ಪ್ರಶ್ನೆ.

ಒಬ್ಬರು ಕೇಳಿದರು: "ಸರ್, ನಮ್ಮಲ್ಲಿ ಎಲ್ಲ ವಾಟ್ಸಾಪ್‌ನಲ್ಲೇ ನಡೆಯುತ್ತೆ. ವರದಿಯನ್ನೂ ಅಲ್ಲೇ ಹಾಕಿದರೆ ಏನು?" ಹಾಕಬಹುದು, ತೊಂದರೆ ಇಲ್ಲ. ಆದರೆ ಮೂರು ತಿಂಗಳ ನಂತರ ಆ ಸೋಮವಾರದ ಅಂಕಿ ಹುಡುಕಲು ಶುಭೋದಯದ ಚಿತ್ರಗಳ ನಡುವೆ ಬೆರಳು ಸವೆಯುತ್ತದೆ. ಇನ್ನೊಂದು ವಿಷಯ. ವಾಟ್ಸಾಪ್‌ನ ಅಧಿಕೃತ ಬಿಸಿನೆಸ್ ವ್ಯವಸ್ಥೆಯಲ್ಲಿ, ಆ ಕಡೆಯವರು ಕಳೆದ 24 ಗಂಟೆಯಲ್ಲಿ ನಿಮಗೆ ಬರೆದಿಲ್ಲದಿದ್ದರೆ, ಮೊದಲೇ ಒಪ್ಪಿಗೆ ಪಡೆದ ನಮೂನೆಯ ಸಂದೇಶವನ್ನಷ್ಟೇ ಕಳಿಸಬಹುದು. ಅಂಕಿಗಳ ಜಾಗ ಖಾಲಿ ಬಿಟ್ಟ ಸ್ಥಿರ ವಾಕ್ಯಗಳು. ಗದಗದ ಆರ್ಡರ್‌ನಂಥ ಅಲರ್ಟ್‌ಗೆ ಇದು ಚೆನ್ನಾಗಿ ಕೂಡುತ್ತದೆ. ಪ್ರತಿ ವಾರ ಉದ್ದ ಬದಲಾಗುವ ಪಾರ್ಟಿ ಪಟ್ಟಿಗೆ ಕೂಡುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: "ಮೂರೂ ಒಟ್ಟಿಗೆ ಆಗಲ್ಲ. ಮೊದಲು ಯಾವುದು?" ಮೊದಲು ಸೋಮವಾರದ ಇಮೇಲ್. ನಾಲ್ಕು ವಾರ ಅದನ್ನೇ ಕಳಿಸಿ. ಹಳೆಯ ಕ್ರೆಡಿಟ್ ಮಿತಿ, ಹೊಂದಿಸದ ಜಮಾ, ಒಂದೇ ಪಾರ್ಟಿ ಎರಡು ಹೆಸರಲ್ಲಿರುವುದು, ಎಲ್ಲ ಆ ನಾಲ್ಕು ವಾರದಲ್ಲಿ ಹೊರಗೆ ಬರುತ್ತದೆ. ಮೇಡಂ ಅವರು ಕೂತು ಸರಿಪಡಿಸಲು ಸಮಯವೂ ಇರುತ್ತದೆ, ಯಾಕೆಂದರೆ ತಪ್ಪು ಕಂಡದ್ದು ಒಳಗಿನ ಇಬ್ಬರಿಗೆ ಮಾತ್ರ. ಆಮೇಲೆ ಜಮಾ ನಮೂದು 3:30ಕ್ಕೆ ಬಂದ ಮೇಲೆ ಅಲರ್ಟ್. ಸೇಲ್ಸ್‌ಮನ್ ಪಟ್ಟಿ ಕೊನೆಗೆ. ಅದು ಮಾಡಲು ಕಷ್ಟವಿಲ್ಲ, ಮಧ್ಯಾಹ್ನದೊಳಗೆ ಮುಗಿಯುತ್ತದೆ. ಆದರೆ ಅದರಲ್ಲಿನ ಅಂಕಿಯನ್ನು ಅವನು ಅಂಗಡಿಯವರ ಎದುರು ಜೋರಾಗಿ ಓದುತ್ತಾನೆ.